ಜಠರ-ಕರುಳಿನ ಸ್ಟ್ರೋಮಲ್ ಗಂತಿ: ಶಸ್ತ್ರಕ್ರಿಯೆ ಮತ್ತು ಗುರಿನಿರ್ದಿಷ್ಟ ಮಾತ್ರೆ

ಸ್ನಾಯು, ಕೊಬ್ಬು, ರಕ್ತನಾಳ ಮೊದಲಾದ ಆಧಾರಕ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರುಗಳನ್ನು ಮೃದು ಅಂಗಾಂಶದ ಸಾರ್ಕೋಮಾಗಳೆಂದು ಕರೆಯಲಾಗುತ್ತದೆ. ಜಠರ ಅಥವಾ ಕರುಳಿನ ಭಿತ್ತಿಯಲ್ಲಿ ಬೆಳೆಯುವ ಸ್ಟ್ರೋಮಲ್ ಗಂತಿಯೂ ಈ ವರ್ಗಕ್ಕೆ ಸೇರಿದುದು. ಬಹುಕಾಲ ಇದನ್ನು ನಯಸ್ನಾಯುವಿನ ಗಂತಿಯೆಂದೇ ಭಾವಿಸಲಾಗಿತ್ತು. ಈ ಗಂತಿಗಳಲ್ಲಿ ‘ಕಿಟ್’ ಎಂಬ ವಂಶವಾಹಿಯು ಉತ್ಪರಿವರ್ತನೆ ಹೊಂದಿರುವುದನ್ನು 1998ರಲ್ಲಿ ಜಪಾನಿನ ಹಿರೋಟಾ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಕರುಳಿನ ಚಲನೆಗೆ ಲಯ ನೀಡುವ ಕಹಾಲ್ ಕೋಶಗಳೊಡನೆ ಈ ಗಂತಿಗಿರುವ ಸಂಬಂಧವೂ ಅದೇ ಕಾಲದಲ್ಲಿ ಸ್ಪಷ್ಟವಾಯಿತು.

ಕಿಟ್ ಪ್ರೋಟೀನು ಜೀವಕೋಶದ ಹೊರಪೊರೆಯಲ್ಲಿರುವ ಒಂದು ಗ್ರಾಹಕ. ಹೊರಗಿನಿಂದ ಸಂಕೇತ ಬಂದಾಗ ಮಾತ್ರ ಅದು ಕೋಶಕ್ಕೆ ಬೆಳೆಯುವಂತೆ ಸೂಚಿಸಬೇಕು. ಉತ್ಪರಿವರ್ತನೆಗೊಂಡ ಗ್ರಾಹಕವಾದರೋ ಯಾವ ಸಂಕೇತವೂ ಇಲ್ಲದೆ ಸದಾ ಸಕ್ರಿಯವಾಗಿದ್ದು, ‘ಬೆಳೆ, ಸಾಯಬೇಡ’ ಎಂಬ ಸೂಚನೆಯನ್ನು ಕೊಡುತ್ತಲೇ ಇರುತ್ತದೆ.

ರೂಢಿಯ ಕೀಮೋಥೆರಪಿ ಇಲ್ಲಿ ಸೋಲುವುದಕ್ಕೆ ಮುಖ್ಯ ಕಾರಣ ಇದರಲ್ಲಿಯೇ ಇದೆ. ಡಾಕ್ಸೊರುಬಿಸಿನ್‌ನಂತಹ ಔಷಧವು ವಿಭಜನೆಯಲ್ಲಿ ತೊಡಗಿದ ಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತದೆ. ಹಾನಿಗೊಂಡ ಕೋಶವು ತಾನಾಗಿಯೇ ಸಾಯಬೇಕು. ಕಿಟ್ ಸೂಚನೆಯು ಆ ಸಾವನ್ನೇ ತಡೆಯುತ್ತದೆ. ಜೊತೆಗೆ, ಔಷಧವನ್ನು ಕೋಶದಿಂದ ಹೊರದೂಡುವ ಪ್ರೋಟೀನುಗಳೂ ಈ ಗಂತಿಗಳಲ್ಲಿ ಹೇರಳವಾಗಿ ಕಂಡುಬಂದಿವೆ. ಇತರ ಸಾರ್ಕೋಮಾಗಳಲ್ಲಿ ಕೆಲವರಿಗಾದರೂ ಫಲ ನೀಡುವ ಔಷಧವು ಇಲ್ಲಿ ಬಹುತೇಕ ನಿಷ್ಫಲವಾಗುತ್ತದೆ.

ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಪ್ರಕರಣ ಇಲ್ಲಿ ಉಲ್ಲೇಖನೀಯ. 1996ರಲ್ಲಿ ಆಕೆಯ ಜಠರದ ಗಂತಿಗಳನ್ನು ಶಸ್ತ್ರಕ್ರಿಯೆಯಿಂದ ತೆಗೆಯಲಾಗಿತ್ತು. ಆದರೂ ರೋಗ ಯಕೃತ್ತಿಗೆ ಹರಡಿತು, ಕೀಮೋಥೆರಪಿ ಫಲಕಾರಿಯಾಗಲಿಲ್ಲ. ರಕ್ತದ ಕ್ಯಾನ್ಸರಿಗಾಗಿ ಪರೀಕ್ಷೆಯಲ್ಲಿದ್ದ ಇಮಾಟಿನಿಬ್ ಮಾತ್ರೆಯು ಕಿಟ್ ಪ್ರೋಟೀನಿನ ಶಕ್ತಿಗ್ರಹಣದ ಸ್ಥಾನವನ್ನೂ ಮುಚ್ಚಬಲ್ಲುದೆಂದು ಆ ವೇಳೆಗೆ ತಿಳಿದಿತ್ತು. 2000ದ ಮಾರ್ಚಿಯಲ್ಲಿ ಆಕೆಗೆ ದಿನಕ್ಕೆ 400 ಮಿಲಿಗ್ರಾಂ ಪ್ರಮಾಣದಲ್ಲಿ ಈ ಮಾತ್ರೆಯನ್ನು ಆರಂಭಿಸಲಾಯಿತು. ಒಂದು ತಿಂಗಳ ನಂತರದ ಪೆಟ್ ಸ್ಕ್ಯಾನಿನಲ್ಲಿ ಗಂತಿಗಳು ಗ್ಲೂಕೋಸನ್ನು ಅಸಹಜವಾಗಿ ಹೀರುವುದು ನಿಂತಿತ್ತು. ಹೈಕಿ ಯೋಎನ್ಸೂ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಪ್ರಕಟಿಸಿದರು.

ಮಾತ್ರೆಯು ಹರಡಿದ ರೋಗವನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುತ್ತದೆಯೇ ಹೊರತು ಸಾಮಾನ್ಯವಾಗಿ ನಿರ್ಮೂಲಗೊಳಿಸುವುದಿಲ್ಲ. ಆದುದರಿಂದ ಒಂದೆಡೆ ಸೀಮಿತವಾದ ಗಂತಿಗೆ ಶಸ್ತ್ರಕ್ರಿಯೆಯೇ ಮೂಲ ಚಿಕಿತ್ಸೆ. ಗಂತಿಯ ತೆಳುಹೊದಿಕೆ ಒಡೆಯದಂತೆ ಅದನ್ನು ಇಡಿಯಾಗಿ ತೆಗೆಯುವುದು ಮುಖ್ಯ. ಒಡೆದರೆ ಕೋಶಗಳು ಉದರದೊಳಗೆ ಚೆಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ದುಗ್ಧಗ್ರಂಥಿಗಳಿಗೆ ಈ ರೋಗ ಹರಡುವುದು ವಿರಳವಾದ್ದರಿಂದ ಅವುಗಳನ್ನು ವ್ಯಾಪಕವಾಗಿ ತೆಗೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಮರುಕಳಿಸುವ ಸಂಭವ ಅಧಿಕವಾಗಿರುವವರಿಗೆ ಶಸ್ತ್ರಕ್ರಿಯೆಯ ನಂತರ ಮೂರು ವರ್ಷ ಮಾತ್ರೆ ನೀಡುವುದು ಒಂದು ವರ್ಷ ನೀಡುವುದಕ್ಕಿಂತ ಮೇಲೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಫಲವನ್ನು ಅಳೆಯುವಲ್ಲಿ ಎಚ್ಚರ ಬೇಕು. ಆರಂಭದಲ್ಲಿ ಗಂತಿಯ ಗಾತ್ರ ಕುಗ್ಗದೆ, ಸಿ.ಟಿ. ಚಿತ್ರದಲ್ಲಿ ಅದರ ಸಾಂದ್ರತೆ ಮಾತ್ರ ಇಳಿಯಬಹುದು, ಇದು ವೈಫಲ್ಯವಲ್ಲ. ಬದಲಾಗಿ, ಹೀಗೆ ತಿಳಿಯಾದ ಗಂತಿಯೊಳಗೆ ಹೊಸದೊಂದು ಗಟ್ಟಿ ಗಂಟು ಕಾಣಿಸಿಕೊಂಡರೆ ಅದು ಔಷಧನಿರೋಧದ ಲಕ್ಷಣ. ಕಿಟ್ ವಂಶವಾಹಿಯಲ್ಲಿ ಎರಡನೆಯ ಉತ್ಪರಿವರ್ತನೆಯಾಗುವುದೇ ಇದಕ್ಕೆ ಸಾಮಾನ್ಯ ಕಾರಣ. ಆಗ ಸುನಿಟಿನಿಬ್‌ನಂತಹ ಬೇರೆ ಮಾತ್ರೆಗಳ ಮೊರೆಹೋಗಬೇಕಾಗುತ್ತದೆ. ಕೆಲವು ಉತ್ಪರಿವರ್ತನೆಗಳಿಗಂತೂ ಇಮಾಟಿನಿಬ್ ಮೊದಲಿನಿಂದಲೇ ನಾಟುವುದಿಲ್ಲ. ಚಿಕಿತ್ಸೆಗೆ ಮುನ್ನ ಗಂತಿಯ ವಂಶವಾಹಿ ಪರೀಕ್ಷೆ ಅವಶ್ಯವೆನಿಸುವುದು ಈ ಕಾರಣದಿಂದ.