ಹಿಂದಿನ ಸೀಟಿನ ಹಲಸಿನಹಣ್ಣು

ಮೇ ತಿಂಗಳ ಕೊನೆಗೆ ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಮರಳುವ ಕಾರೊಂದರೊಳಗೆ ಇಣುಕಿ ನೋಡಿ. ಡಿಕ್ಕಿಯಲ್ಲಿ ಸೂಟ್‌ಕೇಸು, ಅಕ್ಕಿ ಚೀಲ, ಹಪ್ಪಳ ಉಪ್ಪಿನಕಾಯಿಯ ಡಬ್ಬಗಳು. ಅಲ್ಲಿ ಹಿಡಿಸದ್ದು ಹಿಂದಿನ ಸೀಟಿಗೆ ಬಂದಿರುತ್ತದೆ. ಅಜ್ಜಿಯ ಪಕ್ಕದಲ್ಲಿ ಎಂಟು ಕಿಲೋದ ಹಲಸಿನಹಣ್ಣು, ಕಾಲ ಬುಡದಲ್ಲಿ ಐದಾರು ತೆಂಗಿನಕಾಯಿ, ಒಂದು ಸ್ಟೀಲ್ ನೀರಿನ ಬಾಟಲಿ. ಇವುಗಳ ನಡುವೆ ಮನೆಯ ನಾಯಿ, ಒಮ್ಮೆ ಕಿಟಕಿಗೆ, ಒಮ್ಮೆ ಮುಂದಿನ ಸೀಟಿಗೆ. ಜನರೆಲ್ಲ ಬೆಲ್ಟ್ ಹಾಕಿಕೊಂಡಿದ್ದಾರೆ. ಸಾಮಾನಿಗೆ ಬೆಲ್ಟಿಲ್ಲ, ನಾಯಿಗೂ ಇಲ್ಲ.

ಎಷ್ಟೋ ವರ್ಷ ಹೀಗೇ ಓಡಾಡಿದ್ದೇವೆ, ಏನೂ ಆಗಿಲ್ಲವಲ್ಲ ಎನ್ನುವವರು ಬಹಳ. ಅದಕ್ಕೆ ಕಾರಣವಿದೆ. ಸಿಗ್ನಲ್ ಹತ್ತಿರ ಹದವಾಗಿ ಬ್ರೇಕ್ ಒತ್ತಿದಾಗ ಹಣ್ಣನ್ನು ಇದ್ದಲ್ಲೇ ಹಿಡಿದಿಡಲು ಸೀಟಿನ ಬಟ್ಟೆಯ ಘರ್ಷಣೆಯೇ ಸಾಕು. ಹಸುವೊಂದು ದಿಢೀರನೆ ಅಡ್ಡ ಬಂದು ಪೂರ್ತಿ ಬ್ರೇಕ್ ಒತ್ತಿದಾಗ ಆ ಹಿಡಿತ ಸಾಲುವುದಿಲ್ಲ, ಹಣ್ಣು ಜಾರಿ ಕೆಳಕ್ಕೆ ಬೀಳುತ್ತದೆ. ಕಾರು ಏನಕ್ಕಾದರೂ ಗುದ್ದಿದರಂತೂ ಲೆಕ್ಕವೇ ಬೇರೆ.

ಗಂಟೆಗೆ 50 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಈ ವೇಗದಲ್ಲಿ ಕಾರು ಗಟ್ಟಿ ಗೋಡೆಗೆ ಗುದ್ದಿ, ಅದರ ಮುಂಭಾಗ ನುಜ್ಜುಗುಜ್ಜಾಗುತ್ತ ಸುಮಾರು 60 ಸೆಂಟಿಮೀಟರಿನೊಳಗೆ ನಿಂತಿತು ಎಂದಿಟ್ಟುಕೊಳ್ಳಿ. ಕಾರು ನಿಂತಿತು, ಹಲಸಿನಹಣ್ಣು ನಿಲ್ಲಲಿಲ್ಲ. ಅದನ್ನು ಯಾರೂ ಹಿಡಿದಿಲ್ಲವಾದ್ದರಿಂದ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಹತ್ತು ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದ ಹಣ್ಣು ನೆಲ ಮುಟ್ಟುವಾಗ ಇರುವ ವೇಗ ಅದು. ಮುಂದಿನ ಸೀಟಿನ ಬೆನ್ನಿಗೋ ಚಾಲಕನ ತಲೆಗೋ ತಗಲಿ ಹತ್ತು ಸೆಂಟಿಮೀಟರಿನೊಳಗೆ ನಿಂತರೆ, ಆ ಕ್ಷಣಕ್ಕೆ ಬೀಳುವ ಒತ್ತಡ ಸರಾಸರಿ 800 ಕಿಲೋ ತೂಕದಷ್ಟು. ವೇಗ 100 ಆದರೆ ಹೊಡೆತದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು.

ಅದೇ ಹಣ್ಣನ್ನು ಡಿಕ್ಕಿಯಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಟ್ಟಿದ್ದರೆ? ಆಗ ಅದು ಕಾರಿನ ಜೊತೆಜೊತೆಗೇ, ಅದೇ 60 ಸೆಂಟಿಮೀಟರಿನಲ್ಲಿ ನಿಧಾನವಾಗುತ್ತದೆ. ಸೀಟಿನ ಬೆನ್ನು ತಡೆಯಬೇಕಾದದ್ದು ಸುಮಾರು 130 ಕಿಲೋ ತೂಕದಷ್ಟನ್ನು ಮಾತ್ರ. ಹಣ್ಣೂ ಅದೇ, ವೇಗವೂ ಅದೇ, ಹೊಡೆತ ಆರರಲ್ಲೊಂದು ಪಾಲು. ಲಗೇಜಿನ ವಿಷಯದಲ್ಲಿ ತೂಕದಷ್ಟೇ ಕಣ್ಣಿಡಬೇಕಾದದ್ದು ಸಾಮಾನಿನ ಮುಂದೆ ಉಳಿದ ಖಾಲಿ ಜಾಗದ ಮೇಲೆ. ಖಾಲಿ ಜಾಗವಿದ್ದರೆ ಕಾರು ನಿಧಾನವಾಗುತ್ತಿರುವಾಗ ಸಾಮಾನು ಮಾತ್ರ ಹಳೆಯ ವೇಗದಲ್ಲೇ ಸಾಗಿ ಬಂದು ಬಡಿಯುತ್ತದೆ. ಆದ್ದರಿಂದ ಭಾರದ್ದು ಮೊದಲು, ತಳಕ್ಕೆ, ಸೀಟಿಗೆ ಒತ್ತಿ. ಅದರ ಹಿಂದೆ ಹಗುರದ್ದು. ಹಿಂದಿನ ಸೀಟಿನ ಬೆನ್ನಿಗಿಂತ ಮೇಲಕ್ಕೆ ಏನೂ ಬೇಡ, ಯಾಕೆಂದರೆ ಅಲ್ಲಿಂದ ಮುಂದಕ್ಕೆ ಹಾರುವ ವಸ್ತುವಿಗೆ ಅಡ್ಡ ಬರುವುದು ಕೂತವರ ತಲೆ ಮಾತ್ರ.

ಸೀಟಿನ ಬೆನ್ನಿಗೂ ಮಿತಿಯಿದೆ. ಯುರೋಪಿನ ನಿಯಮದಂತೆ ಡಿಕ್ಕಿಯಲ್ಲಿ ತಲಾ 18 ಕಿಲೋದ ಎರಡು ದಿಮ್ಮಿಗಳನ್ನಿಟ್ಟು, ಸುಮಾರು 50 ಕಿಲೋಮೀಟರ್ ವೇಗದ ಡಿಕ್ಕಿಯ ಆಘಾತ ಕೊಟ್ಟು, ಸೀಟು ತಡೆಯುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅಂದರೆ ಪರೀಕ್ಷೆಯ ಒಟ್ಟು ಭಾರ 36 ಕಿಲೋ. ನಾವು ಒಂದು ಅಕ್ಕಿ ಚೀಲದ ಮೇಲೆ ಎರಡು ಸೂಟ್‌ಕೇಸು ಹೇರಿದರೆ ಅದನ್ನು ಸುಲಭವಾಗಿ ದಾಟುತ್ತೇವೆ. ಮಡಚುವ ಸೀಟಾದರೆ ಇನ್ನೊಂದು ಎಚ್ಚರ ಬೇಕು. ಅದರ ಕೊಂಡಿ ಪೂರ್ತಿ ಕೂತಿರದಿದ್ದರೆ ಬೆನ್ನು ಏನನ್ನೂ ತಡೆಯದು. ಹಲವು ಕಾರುಗಳಲ್ಲಿ ಕೊಂಡಿ ಬಿದ್ದಿಲ್ಲವೆಂದು ತೋರಿಸಲು ಗುಬುಟಿನ ಹತ್ತಿರ ಕೆಂಪು ಗುರುತು ಕಾಣುತ್ತದೆ. ಅದಿಲ್ಲದಿದ್ದರೆ ಸೀಟಿನ ಮೇಲ್ತುದಿ ಹಿಡಿದು ಜೋರಾಗಿ ಮುಂದಕ್ಕೆಳೆದು ನೋಡಿ. ಆ ಸೀಟಿನಲ್ಲಿ ಯಾರೂ ಕೂರದಿದ್ದರೂ ಬೆಲ್ಟನ್ನು ಎಳೆದು ಸಿಕ್ಕಿಸಿಟ್ಟರೆ ಬೆನ್ನಿಗೆ ಸ್ವಲ್ಪ ಆಸರೆಯಾಗುತ್ತದೆ.

ದೊಡ್ಡ ವಸ್ತುವಿನ ಭಯ ಹೇಗೋ ಅರ್ಥವಾಗುತ್ತದೆ. ನನಗೆ ಹೆಚ್ಚು ಚಿಂತೆ ತರುವುದು ಆ ಸ್ಟೀಲ್ ಬಾಟಲಿ. ಬಹಳಷ್ಟು ಕಾರುಗಳಲ್ಲಿ ಚಾಲಕನ ಸೀಟಿನ ಅಡಿಯಲ್ಲಿ ಹಿಂದಿನಿಂದ ಮುಂದಕ್ಕೆ ದಾರಿ ತೆರೆದೇ ಇರುತ್ತದೆ. ಹಿಂದಿನವರ ಕಾಲ ಬುಡದ ಬಾಟಲಿ ಇಳಿಜಾರಿನಲ್ಲಿ, ಬ್ರೇಕ್ ಒತ್ತಿದಾಗ ಆ ದಾರಿ ಹಿಡಿದು ಉರುಳಿ ಬಂದು ಪೆಡಲಿನ ಕೆಳಗೆ ಸಿಕ್ಕಿಕೊಳ್ಳಬಹುದು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಅರ್ಧಕ್ಕೇ ನಿಲ್ಲುತ್ತದೆ. ಪ್ಲಾಸ್ಟಿಕ್ಕಿನದಾದರೆ ಬಲವಾಗಿ ತುಳಿದರೆ ಅಪ್ಪಚ್ಚಿಯಾದೀತು, ಸ್ಟೀಲಿನದು ಆಗದು. ಆಗ ಬಗ್ಗಿ ಕೈ ಹಾಕುವುದು ಎಲ್ಲಕ್ಕಿಂತ ಕೆಟ್ಟ ದಾರಿ, ಕಣ್ಣು ರಸ್ತೆ ಬಿಟ್ಟಿರುತ್ತದೆ. ಗಂಟೆಗೆ 60ರ ವೇಗದಲ್ಲಿ ಎರಡು ಸೆಕೆಂಡ್ ಬಗ್ಗಿದರೂ ಕಾರು 33 ಮೀಟರ್ ಹೋಗಿಬಿಟ್ಟಿರುತ್ತದೆ. ಆಕ್ಸಿಲರೇಟರ್ ಬಿಟ್ಟು, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ ಪಕ್ಕಕ್ಕೆ ನಿಲ್ಲಿಸಬೇಕು. ಬಾಗಿಲಿನ ಜೇಬಿನಲ್ಲಿ ಬಾಟಲಿ ಇಟ್ಟಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ತೆಂಗಿನಕಾಯಿಗೂ ಇದೇ ಮಾತು. ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದು ಡಿಕ್ಕಿಗೆ ಹಾಕಿ.

ಇನ್ನು ನಾಯಿ. ಅದಕ್ಕೆ ಸಾಮಾನಿನ ಎಲ್ಲ ಅಪಾಯಗಳೂ ಇವೆ, ಜೊತೆಗೆ ತನ್ನಿಷ್ಟದಂತೆ ಚಲಿಸುವ ಸ್ವಭಾವವೂ ಇದೆ. ಹೊರಗೆ ಇನ್ನೊಂದು ನಾಯಿ ಕಂಡರೆ ಚಾಲಕನ ಮೈಮೇಲೆ ಹಾರಬಹುದು, ಹೆದರಿ ಪೆಡಲುಗಳ ನಡುವೆ ನುಸುಳಬಹುದು. ಕಿಟಕಿಯ ಸ್ವಿಚ್ ಮೇಲೆ ಪಾದ ಊರಿ ಗಾಜನ್ನು ತಾನೇ ಮೇಲಕ್ಕೇರಿಸಿಕೊಂಡು ಕುತ್ತಿಗೆ ಸಿಕ್ಕಿಸಿಕೊಳ್ಳಬಹುದು. ಆದ್ದರಿಂದ ಕಿಟಕಿಯ ಲಾಕ್ ಒತ್ತಿಡಿ. ಚಾಲಕನ ತೊಡೆಯ ಮೇಲೆ ಕೂರಿಸುವುದಂತೂ ಖಂಡಿತ ಬೇಡ. ಡಿಕ್ಕಿಯಾದಾಗ ಏರ್‌ಬ್ಯಾಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ, ಅದರ ಎದುರಿಗೆ ಸಿಕ್ಕ ಪುಟ್ಟ ಪ್ರಾಣಿಗೆ ಉಳಿಗಾಲವಿಲ್ಲ. ಅಪಘಾತದಲ್ಲಿ ಬದುಕುಳಿದ ನಾಯಿಯೂ ಕಟ್ಟದೆ ಇದ್ದರೆ ದಿಗಿಲಾಗಿ ರಸ್ತೆಗೆ ಓಡುತ್ತದೆ, ಅಥವಾ ಗಾಯಗೊಂಡ ಯಜಮಾನನ ಹತ್ತಿರ ಯಾರನ್ನೂ ಬರಗೊಡದೆ ಬೊಗಳುತ್ತ ನಿಲ್ಲುತ್ತದೆ.

ಬೆಲ್ಟಿಗೆ ಸಿಕ್ಕಿಸುವ ಪಟ್ಟಿ ಎದೆಯ ಸುತ್ತ ಬರುವ ಹಾರ್ನೆಸ್ಸಿಗೆ ಕಟ್ಟಬೇಕು, ಕೊರಳಿನ ಪಟ್ಟಿಗೆ ಎಂದೂ ಬೇಡ, ಗುದ್ದಿದಾಗ ಕತ್ತು ಮುರಿಯುತ್ತದೆ. ಪಟ್ಟಿಯನ್ನು ಚಿಕ್ಕದಾಗಿಡಿ. ಉದ್ದವಿದ್ದಷ್ಟೂ ನಾಯಿ ಮುಂದಕ್ಕೆ ಚಿಮ್ಮುವ ಜಾಗ ಹೆಚ್ಚು, ಹಲಸಿನಹಣ್ಣಿನ ಲೆಕ್ಕವೇ ಇಲ್ಲೂ ಅನ್ವಯಿಸುತ್ತದೆ. ಅಗ್ಗದ ಹಾರ್ನೆಸ್‌ಗಳು ನಡಿಗೆಗೆ ಮಾಡಿದವು, ಅವು ನಾಯಿ ಮುಂದಕ್ಕೆ ಬಂದು ಗೊಂದಲ ಮಾಡುವುದನ್ನು ತಪ್ಪಿಸುತ್ತವೆಯೇ ಹೊರತು ಅಪಘಾತದ ಭಾರ ತಡೆಯುತ್ತವೆಂಬ ಖಾತರಿಯಿಲ್ಲ. ಬೆಕ್ಕು ಅಥವಾ ಸಣ್ಣ ನಾಯಿಯಾದರೆ ಗಟ್ಟಿ ಪೆಟ್ಟಿಗೆಯನ್ನು ಮುಂದಿನ ಸೀಟಿನ ಹಿಂದೆ ನೆಲದ ಮೇಲೆ, ಅಲುಗದಂತೆ ಇಡುವುದು ಒಳ್ಳೆಯದು.

ಕಾನೂನೂ ಇದನ್ನು ಬಿಟ್ಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 125ನೇ ಕಲಂ ಪ್ರಕಾರ, ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸಬಾರದು, ಏನನ್ನೂ ಇಡಬಾರದು. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ನಾಯಿಗಳ ಹೆಸರು ಹಿಡಿದೇ ಅವುಗಳನ್ನು ಕಟ್ಟಿ ಒಯ್ಯಲು ಹೇಳುತ್ತದೆ. ಮುಂದಿನ ಸಲ ಊರಿಗೆ ಹೊರಡುವ ಮುಂಚೆ ಎಲ್ಲರೂ ಕೂತ ಮೇಲೆ ಚಾಲಕನ ಸೀಟಿನ ಅಡಿಯಲ್ಲಿ ಒಮ್ಮೆ ಕೈಯಾಡಿಸಿ, ಸಿಕ್ಕಿದ್ದನ್ನೆಲ್ಲ ತೆಗೆದು ಡಿಕ್ಕಿಗೆ ಹಾಕಿ, ಆಮೇಲೆ ಹೊರಡಿ.