ಅಂಗಡಿ ನಿಮ್ಮದು, ಗಳಿಕೆ ಅವರದು

‘ಸರಕು ಕೊಳ್ಳುವುದು ಬೇಡ, ಗೋದಾಮು ಬೇಡ. 40 ಸಾವಿರ ಕಟ್ಟಿ, ಆನ್‌ಲೈನ್ ಅಂಗಡಿ ನಾವೇ ಕಟ್ಟಿಕೊಡುತ್ತೇವೆ. ನೀವು ಮಲಗಿದ್ದರೂ ದುಡ್ಡು ಬರುತ್ತದೆ.’ ಉಚಿತ ವೆಬಿನಾರಿನ ಕೊನೆಗೆ ಬರುವ ಮಾತಿದು. ಜೊತೆಗೆ ಲಕ್ಷಗಟ್ಟಲೆ ಮಾರಾಟ ತೋರಿಸುವ ಸ್ಕ್ರೀನ್‌ಶಾಟ್.

ಡ್ರಾಪ್‌ಶಿಪ್ಪಿಂಗ್ ಸುಳ್ಳು ವ್ಯಾಪಾರವಲ್ಲ. ಗ್ರಾಹಕ ನಿಮ್ಮ ಜಾಲತಾಣದಲ್ಲಿ ಆರ್ಡರ್ ಕೊಡುತ್ತಾನೆ, ಸಗಟು ವ್ಯಾಪಾರಿ ಸರಕನ್ನು ನೇರವಾಗಿ ಅವನ ಮನೆಗೆ ಕಳಿಸುತ್ತಾನೆ, ನಡುವಿನ ವ್ಯತ್ಯಾಸ ನಿಮ್ಮದು. ಇದರಲ್ಲಿ ಅಂಗಡಿ ತೆರೆಯುವುದೇ ಸುಲಭದ ಕೆಲಸ. ಸಿದ್ಧ ವಿನ್ಯಾಸಗಳು ಸಿಗುವುದರಿಂದ ಒಂದೆರಡು ದಿನ ಸಾಕು. ಕಷ್ಟವಿರುವುದು ಗಿರಾಕಿಯನ್ನು ತರುವುದರಲ್ಲಿ. ಸೆಟಪ್ ಶುಲ್ಕ ಮಾತ್ರ ಆ ಸುಲಭದ ಕೆಲಸಕ್ಕೆ.

ಒಂದು ಲೆಕ್ಕ ಹಾಕಿ ನೋಡೋಣ. ತರಕಾರಿ ಹೆಚ್ಚುವ ಸಾಧನವೊಂದನ್ನು 699 ರೂಪಾಯಿಗೆ ಮಾರುತ್ತೀರಿ, ಸಗಟು ಬೆಲೆ 280 ಎಂದುಕೊಳ್ಳಿ. ಒಂದು ಆರ್ಡರ್ ತರಲು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ 200, ಕೊರಿಯರ್‌ಗೆ 80. ಉಳಿಯುವುದು 139. ನೂರು ಆರ್ಡರ್‌ಗೆ 13,900 ಲಾಭ! ವೆಬಿನಾರಿನ ಲೆಕ್ಕ ಇಲ್ಲಿಗೇ ಮುಗಿಯುತ್ತದೆ.

ಆದರೆ ನಮ್ಮಲ್ಲಿ ಕ್ಯಾಶ್ ಆನ್ ಡೆಲಿವರಿ ಜಾಸ್ತಿ. ಕೊರಿಯರ್ ಹುಡುಗ ಬಾಗಿಲಿಗೆ ಬಂದಾಗ ‘ಬೇಡ’ ಎನ್ನಲು ಗ್ರಾಹಕನಿಗೆ ಖರ್ಚಿಲ್ಲ. ನೂರರಲ್ಲಿ ಮೂವತ್ತು ವಾಪಸಾದವು ಎನ್ನಿ. ಕೈಗೆ ಬರುವುದು 70 ಆರ್ಡರ್‌ಗಳ 48,930. ಖರ್ಚು ಮಾತ್ರ ನೂರಕ್ಕೂ ಆಗಿದೆ: ಜಾಹೀರಾತು 20,000, ಕೊರಿಯರ್ 8,000. ಮಾರಾಟವಾದ ಸರಕಿಗೆ 19,600, ವಾಪಸು ಸಾಗಣೆಗೆ ತಲಾ 60ರಂತೆ 1,800. ಒಟ್ಟು 49,400. ಅಲ್ಲಿಗೆ 470 ರೂಪಾಯಿ ನಷ್ಟ. ಜಿಎಸ್‌ಟಿ, ಸೆಟಪ್ ಶುಲ್ಕ ಇನ್ನೂ ಸೇರಿಲ್ಲ. ಆದರೂ ಡ್ಯಾಶ್‌ಬೋರ್ಡ್ 69,900ರ ಮಾರಾಟ ತೋರಿಸುತ್ತಿರುತ್ತದೆ. ಸ್ಕ್ರೀನ್‌ಶಾಟಿನ ಗುಟ್ಟು ಇದೇ.

ಮಾರಾಟ ಬಾರದಾಗ ತರಬೇತುದಾರರ ಉತ್ತರವೂ ಸಿದ್ಧ: ‘ಜಾಹೀರಾತಿಗೆ ಇನ್ನಷ್ಟು ಹಾಕಿ’, ಇಲ್ಲವೇ ‘ಮುಂದಿನ ಪ್ಯಾಕೇಜ್ ತಗೊಳ್ಳಿ’.

ಅಮೆರಿಕದಲ್ಲೂ ಇದೇ ಕಥೆ. ಅಮೆಜಾನ್, ವಾಲ್‌ಮಾರ್ಟ್‌ಗಳಲ್ಲಿ ಅಂಗಡಿ ನಡೆಸಿಕೊಡುತ್ತೇವೆಂದು ಹಣ ಪಡೆದ ‘ಆಟೊಮೇಟರ್ಸ್’ ಸಂಸ್ಥೆಯ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಮೊಕದ್ದಮೆ ಹೂಡಿತು. ಹೆಚ್ಚಿನವರಿಗೆ ಹಾಕಿದ ದುಡ್ಡೂ ಮರಳಲಿಲ್ಲ, ನಿಯಮ ಮೀರಿದ್ದಕ್ಕೆ ಅನೇಕರ ಅಂಗಡಿಗಳನ್ನೇ ಮುಚ್ಚಲಾಯಿತು ಎಂಬುದು ಆಯೋಗದ ಆರೋಪ. ಬೇರೊಂದು ಚಿಲ್ಲರೆ ಅಂಗಡಿಯಿಂದ ಕೊಂಡು, ಅವರ ಕೈಯಿಂದಲೇ ನೇರವಾಗಿ ಗ್ರಾಹಕನಿಗೆ ಕಳಿಸುವುದನ್ನು ಅಮೆಜಾನ್ ಒಪ್ಪುವುದಿಲ್ಲ.

ಹಾಗಾಗಿ ದುಡ್ಡು ಕಟ್ಟುವ ಮುನ್ನ ಮಾರಾಟದ ಚಿತ್ರ ಕೇಳಬೇಡಿ. ವಾಪಸಾತಿ ಕಳೆದು ಬ್ಯಾಂಕಿಗೆ ಬಂದ ಹಣದ ಪಟ್ಟಿ, ಜಾಹೀರಾತಿನ ಬಿಲ್ಲು ಎರಡನ್ನೂ ಕೇಳಿ. ಡೊಮೈನ್, ಜಾಹೀರಾತು ಖಾತೆ ಯಾರ ಹೆಸರಿನಲ್ಲಿರುತ್ತವೆ ಎಂದು ಬರಹದಲ್ಲಿ ಪಡೆಯಿರಿ. ‘ಶುಲ್ಕ ಬೇಡ, ಲಾಭದಲ್ಲಿ ಅರ್ಧ ತಗೊಳ್ಳಿ’ ಎಂದೂ ಹೇಳಿ ನೋಡಿ. ಲಾಭ ಖಚಿತವೆಂದು ನಂಬಿದವರು ಆ ಮಾತಿಗೆ ಹಿಂಜರಿಯಬೇಕಿಲ್ಲ. ಈಗಾಗಲೇ ಮೋಸಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೇವೆಯ ಕುರಿತ ತಕರಾರಿಗೆ ಗ್ರಾಹಕ ಸಹಾಯವಾಣಿ 1915 ಇದೆ.