ತಪ್ಪು ಬಣ್ಣದ ಬಿಷಪ್

ಹಲಗೆಯ ಮೇಲೆ ಉಳಿದಿರುವುದು ನಾಲ್ಕೇ ಕಾಯಿ. ಬಿಳಿಯ ಬಳಿ ರಾಜ, ಒಂದು ಬಿಷಪ್ (ಮನೆಯಲ್ಲಿ ನಾವು ಒಂಟೆ ಎನ್ನುವ ಕಾಯಿ) ಮತ್ತು ಒಂದು ಕಾಲಾಳು. ಕಪ್ಪಿನ ಬಳಿ ಬರಿ ರಾಜ. ಕಾಯಿಗಳಿಗೆ ಬೆಲೆ ಕಟ್ಟುವ ರೂಢಿಯಂತೆ ಬಿಷಪ್‌ಗೆ 3, ಕಾಲಾಳಿಗೆ 1, ಅಂದರೆ ಬಿಳಿ 4 ಅಂಕ ಮುಂದಿದೆ. ಆ ಕಾಲಾಳು ಹಲಗೆಯ ನಡುವೆ ಎಲ್ಲಾದರೂ ಇದ್ದರೆ ಸಾಮಾನ್ಯವಾಗಿ ಎದುರಾಳಿ ಕೈ ಚಾಚಿ ಸೋಲೊಪ್ಪಿಕೊಳ್ಳುತ್ತಾನೆ. ಅದೇ ಕಾಲಾಳು ಅಂಚಿನ ಕಂಬದಲ್ಲಿದ್ದು, ಬಿಷಪ್ ತಪ್ಪು ಬಣ್ಣದ್ದಾಗಿದ್ದರೆ, ಎಷ್ಟೇ ಗಟ್ಟಿ ಆಟಗಾರನಾದರೂ ಗೆಲ್ಲಲಾರ.

ತಪ್ಪು ಬಣ್ಣ ಯಾವುದು ಎಂಬುದನ್ನು ಹೇಳಲು ಮೂಲೆಯ ಮನೆಯನ್ನು ನೋಡಿದರೆ ಸಾಕು. ಕಂಬಗಳಿಗೆ ಎಡದಿಂದ ಬಲಕ್ಕೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8. ಎಚ್ ಕಂಬದ ಬಿಳಿ ಕಾಲಾಳು ರಾಣಿಯಾಗಬೇಕಾದದ್ದು ಎಚ್8ರಲ್ಲಿ, ಅದು ಕಪ್ಪು ಮನೆ. ಎ ಕಂಬದ್ದು ಎ8ರಲ್ಲಿ, ಅದು ಬಿಳಿ ಮನೆ. ಬಿಷಪ್ ಆಟದ ಮೊದಲಿಂದ ಕೊನೆಯವರೆಗೂ ಒಂದೇ ಬಣ್ಣದ ಮನೆಗಳಲ್ಲಿ ಓಡಾಡುವ ಕಾಯಿ. ಹಾಗಾಗಿ ಎಚ್ ಕಾಲಾಳಿನ ಜೊತೆ ಬಿಳಿ ಮನೆಯ ಬಿಷಪ್ ಉಳಿದಿದ್ದರೆ ಅದು ಎಂದಿಗೂ ಎಚ್8ರ ಮೇಲೆ ದಾಳಿ ಮಾಡಲಾರದು. ಕಪ್ಪು ರಾಜ ಹೋಗಿ ಅಲ್ಲಿ ಕೂತರೆ ಎಬ್ಬಿಸುವವರಿಲ್ಲ.

ಎಬ್ಬಿಸಲಾಗದಿದ್ದರೆ ಸುತ್ತ ಮುತ್ತಿಗೆ ಹಾಕಿ ಉಸಿರುಗಟ್ಟಿಸಬಾರದೇ ಎಂದು ಕೇಳಬಹುದು. ಅದನ್ನೇ ಆಡಿ ನೋಡೋಣ. ಬಿಳಿ ರಾಜ ಜಿ6ರಲ್ಲಿ, ಬಿಷಪ್ ಇ4ರಲ್ಲಿ, ಕಾಲಾಳು ಎಚ್6ರಲ್ಲಿ. ಕಪ್ಪು ರಾಜ ಎಚ್8ರ ಮೂಲೆಯಲ್ಲಿ, ನಡೆ ಅದರದ್ದೇ. ಜಿ7 ಮತ್ತು ಎಚ್7 ಎರಡೂ ಬಿಳಿಯ ಹಿಡಿತದಲ್ಲಿವೆ; ಉಳಿದದ್ದು ಜಿ8 ಒಂದೇ. ಅಲ್ಲಿಗೆ ಹೋಗುತ್ತದೆ. ಬಿಳಿ ಬಿಷಪ್ ಡಿ5ಕ್ಕೆ ಬಂದು ಚೆಕ್ ಕೊಡುತ್ತದೆ. ಈಗ ಕಪ್ಪು ರಾಜನಿಗೆ ಎರಡು ದಾರಿ. ಎಫ್8ಕ್ಕೆ ಹೋದರೆ ಕಥೆ ಮುಗಿಯಿತು, ಕಾಲಾಳು ಎಚ್7ಕ್ಕೆ ಬಂದು ಮರುನಡೆಯಲ್ಲೇ ರಾಣಿಯಾಗುತ್ತದೆ. ಆದ್ದರಿಂದ ಮರಳಿ ಎಚ್8ಕ್ಕೇ ಹೋಗಬೇಕು.

ಬಿಳಿಯ ಸಂಕಟ ಶುರುವಾಗುವುದು ಇಲ್ಲಿ. ಕಾಲಾಳನ್ನು ಎಚ್7ಕ್ಕೆ ನೂಕಿದರೆ ಕಪ್ಪು ರಾಜನಿಗೆ ಚೆಕ್ ಇಲ್ಲ, ನಡೆಯಲು ಮನೆಯೂ ಇಲ್ಲ. ಅದು ಸ್ಟೇಲ್‌ಮೇಟ್, ಅಂದರೆ ಡ್ರಾ. ಬಿಷಪ್ಪನ್ನು ಜಿ8ಕ್ಕೆ ಗುರಿಯಿಟ್ಟ ಅದೇ ಓರೆಸಾಲಿನಲ್ಲಿ ಆಚೀಚೆ ಸರಿಸಿದರೂ ಸ್ಟೇಲ್‌ಮೇಟ್. ಆ ಸಾಲು ಬಿಟ್ಟು ತೆಗೆದರೆ ಕಪ್ಪು ರಾಜ ಮತ್ತೆ ಜಿ8ಕ್ಕೆ ಬರುತ್ತದೆ. ರಾಜನನ್ನು ಹಿಂದಕ್ಕೆ ಸರಿಸಿದರೆ ಎಚ್7 ತೆರೆಯುತ್ತದೆ. ಮೂಲೆಯ ರಾಜನಿಗೆ ಅಕ್ಕಪಕ್ಕ ಇರುವುದೇ ಮೂರು ಮನೆ. ಅದರಲ್ಲಿ ಜಿ7ನ್ನು ಎಚ್6ರ ಕಾಲಾಳೇ ಸದಾ ಕಾಯುತ್ತಿದೆ. ಉಳಿದ ಜಿ8, ಎಚ್7 ಎರಡನ್ನೂ ಒಟ್ಟಿಗೆ ಮುಚ್ಚಿದರೆ ಸ್ಟೇಲ್‌ಮೇಟ್. ಒಂದನ್ನು ಬಿಟ್ಟುಕೊಟ್ಟರೆ ರಾಜ ಅಲ್ಲಿಗೂ ಮೂಲೆಗೂ ಓಡಾಡಿಕೊಂಡಿರುತ್ತದೆ. ಇವೆರಡರ ನಡುವೆ ಮೂರನೇ ದಾರಿ ಇಲ್ಲ. ಅದೇ ಕಂಬದಲ್ಲಿ ಹಿಂದೊಂದು ಕಾಲಾಳು ಹೆಚ್ಚಿಗೆ ಇದ್ದರೂ ಫಲಿತಾಂಶ ಬದಲಾಗದು.

ಬಿಷಪ್ ಸರಿ ಬಣ್ಣದ್ದಾಗಿದ್ದರೆ? ರಾಜ, ಕಾಲಾಳು ಅಲ್ಲೇ ಇರಲಿ. ಕಪ್ಪು ಮನೆಯ ಬಿಷಪ್ ಎಫ್6ಕ್ಕೆ ಬಂದು ಮೂಲೆಗೇ ಚೆಕ್ ಕೊಡುತ್ತದೆ. ರಾಜ ಜಿ8ಕ್ಕೆ ಏಳಲೇಬೇಕು. ಕಾಲಾಳು ಎಚ್7, ಮತ್ತೆ ಚೆಕ್, ರಾಜ ಎಫ್8. ಕಾಲಾಳು ಎಚ್8ರಲ್ಲಿ ರಾಣಿ, ಅದೇ ಮೇಟ್. ಮೂರು ನಡೆಯ ಕೆಲಸ.

ಅಂಚಿನ ಕಾಲಾಳಿಗಷ್ಟೇ ಈ ಶಾಪ ಯಾಕೆ ಅಂದರೆ ಎಚ್ ಕಂಬದ ಆಚೆಗೆ ಹಲಗೆಯೇ ಇಲ್ಲ. ಜಿ ಕಂಬದ ಕಾಲಾಳಾದರೆ ಬಿಳಿ ರಾಜ ಎಫ್ ಕಡೆಯಿಂದಲೂ ಬರಬಹುದು, ಎಚ್ ಕಡೆಯಿಂದಲೂ ಬರಬಹುದು. ತಡೆಯುವ ರಾಜನನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿಸಲು ಜಾಗವಿರುತ್ತದೆ, ಬಿಷಪ್ ಯಾವ ಬಣ್ಣದ್ದಾದರೂ. ಎಚ್ ಕಾಲಾಳಿಗೆ ಒಂದೇ ಪಕ್ಕ. ಗೋಡೆಗೆ ಬೆನ್ನು ಕೊಟ್ಟವನನ್ನು ಹಿಂದಿನಿಂದ ಹಿಡಿಯುವುದು ಹೇಗೆ?

ಆದರೆ ಇದೆಲ್ಲ ಕಪ್ಪು ರಾಜ ಮೂಲೆ ಸೇರಿದ ಮೇಲಿನ ಮಾತು. ಪುಸ್ತಕದಲ್ಲಿ ಡ್ರಾ ಎಂದು ಓದಿ ನಿಶ್ಚಿಂತರಾಗಿ ಆಡಿ ಸೋತವರು ಎಡವುವುದು ಇಲ್ಲೇ. ಬಿಳಿ ರಾಜ ಎಫ್6, ಬಿಳಿ ಮನೆಯ ಬಿಷಪ್ ಇ6, ಕಾಲಾಳು ಎಚ್5. ಕಪ್ಪು ರಾಜ ಎಫ್8. ಮೂಲೆಗೆ ಇನ್ನು ಎರಡೇ ಹೆಜ್ಜೆ. ಆದರೂ ಸೋಲು. ಜಿ8 ಮತ್ತು ಎಫ್7ನ್ನು ಬಿಷಪ್, ಜಿ7 ಮತ್ತು ಇ7ನ್ನು ರಾಜ ಮುಚ್ಚಿವೆ. ಬಿಳಿ ಕಾಲಾಳನ್ನು ಎಚ್6ಕ್ಕೆ ನಡೆಸಿದರೆ ಕಪ್ಪು ರಾಜನಿಗೆ ಇರುವ ಒಂದೇ ನಡೆ ಇ8, ಅಂದರೆ ಮೂಲೆಯಿಂದ ಇನ್ನೂ ದೂರ. ಕಾಲಾಳು ಎಚ್7, ಆಮೇಲೆ ರಾಣಿ. ತಪ್ಪು ಬಣ್ಣದ ಬಿಷಪ್ಪಿಗೆ ಮೂಲೆಯನ್ನು ಕಾಯಲಾಗದು, ಮೂಲೆಯ ದಾರಿಯನ್ನು ಮಾತ್ರ ಚೆನ್ನಾಗಿಯೇ ಕಾಯಬಲ್ಲದು. ಹಾಗಾಗಿ ಇಂಥ ಅಂತ್ಯದಾಟದಲ್ಲಿ ಮೊದಲು ಎಣಿಸಬೇಕಾದದ್ದು ಕಾಯಿಗಳನ್ನಲ್ಲ, ಮೂಲೆಗೆ ಎಷ್ಟು ಹೆಜ್ಜೆ ಎಂಬುದನ್ನು.

ಅನುಭವಿಗಳು ಇಷ್ಟಕ್ಕೆ ನಿಲ್ಲುವುದಿಲ್ಲ. ಸೋಲುವ ಸ್ಥಿತಿಯಲ್ಲಿದ್ದವರು ಹತ್ತಾರು ನಡೆ ಮೊದಲೇ ಎದುರಾಳಿಯ ಬಿಷಪ್ ಯಾವ ಬಣ್ಣದ್ದು, ಅದಕ್ಕೆ ಯಾವ ಅಂಚು ತಪ್ಪು ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಉಳಿದ ಕಾಲಾಳುಗಳನ್ನು ಒಂದೊಂದಾಗಿ ಅದಲುಬದಲು ಮಾಡಿ, ಕೊನೆಗೊಂದು ಕುದುರೆಯನ್ನೇ ಕೊಟ್ಟಾದರೂ, ಆ ಅಂಚಿನ ಕಾಲಾಳು ಮಾತ್ರ ಉಳಿಯುವಂತೆ ನೋಡಿಕೊಳ್ಳುತ್ತಾರೆ. ಗೆಲ್ಲುವವನ ಕೆಲಸ ಇದರ ತಿರುಗುಮುರುಗು.

1972ರ ಜುಲೈನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲಿ ಇದನ್ನು ಕಾಣಬಹುದು. 29ನೇ ನಡೆಯಲ್ಲಿ ಬಾಬಿ ಫಿಷರ್ ತನ್ನ ಬಿಷಪ್ಪಿನಿಂದ ಎಚ್2ರ ಕಾಲಾಳನ್ನು ಹೊಡೆದದ್ದು ಎಲ್ಲರಿಗೂ ನೆನಪಿದೆ. ಬೋರಿಸ್ ಸ್ಪಾಸ್ಕಿ ಜಿ ಕಾಲಾಳನ್ನು ಒಂದು ಮನೆ ಮುಂದಿಟ್ಟು ಅದರ ದಾರಿ ಮುಚ್ಚಿದರು. ಎರಡು ಕಾಲಾಳಿಗೆ ಆ ಬಿಷಪ್ ಹೋಯಿತು. ಜನ ಅಷ್ಟಾಗಿ ಮಾತಾಡದ ನಡೆಯೊಂದು ಅದರ ನಂತರ ಬರುತ್ತದೆ. ಸ್ಪಾಸ್ಕಿಯ ಬಳಿ ಉಳಿದದ್ದು ಕಪ್ಪು ಮನೆಯ ಬಿಷಪ್, ಎ4, ಬಿ5, ಇ3ರಲ್ಲಿ ಕಾಲಾಳು. ಎ8 ಬಿಳಿ ಮನೆ, ಅಂದರೆ ಎ ಕಾಲಾಳಿಗೆ ಈ ಬಿಷಪ್ ತಪ್ಪು ಬಣ್ಣದ್ದು. 38ನೇ ನಡೆಯಲ್ಲಿ ಫಿಷರ್ ಎ6ಕ್ಕೆ ಕಾಲಾಳು ನಡೆಸಿ ಬಿ5ರದ್ದಕ್ಕೆ ಅದಲುಬದಲು ಕೇಳಿದ. ಸ್ಪಾಸ್ಕಿ ಹೊಡೆದಿದ್ದರೆ, ಫಿಷರ್ ತಿರುಗಿ ಹೊಡೆದ ಮೇಲೆ ಬಿ ಕಾಲಾಳು ಇರುತ್ತಿರಲಿಲ್ಲ. ಇ ಕಾಲಾಳೂ ಬದಲಾಗಿ ಹೋದರೆ ಉಳಿಯುವುದು ಆ ಎ ಕಾಲಾಳೊಂದೇ. ಸ್ಪಾಸ್ಕಿ ಹೊಡೆಯಲಿಲ್ಲ. ಬಿ ಕಾಲಾಳನ್ನು ಬಿ6ಕ್ಕೆ ದಾಟಿಸಿ ಬಿಷಪ್ಪಿನ ಕಾವಲಲ್ಲಿ ಇಟ್ಟರು. 54ನೇ ನಡೆಯಲ್ಲಿ ಫಿಷರನ ರಾಜ ಎ4ರ ಕಾಲಾಳನ್ನೇ ತಿಂದುಹಾಕಿತು. ಅದು ಹೋದದ್ದರಿಂದ ಸ್ಪಾಸ್ಕಿಗೆ ಆದ ನಷ್ಟವೇನೂ ಇಲ್ಲ. ಎರಡು ನಡೆಯ ನಂತರ ಬಿಳಿ ರಾಜ ಡಿ6ಕ್ಕೆ ಬಂದು ಬಿ7ರ ಕಪ್ಪು ಕಾಲಾಳಿನತ್ತ ಹೊರಟಾಗ ಫಿಷರ್ ಸೋಲೊಪ್ಪಿಕೊಂಡ.